ನೋವಿನ ಮಾತ್ರೆಯ ಕಾಗದದಲ್ಲಿ 'ಕಾಂಟ್ರಾಇಂಡಿಕೇಷನ್' ಓದುವುದು ಹೇಗೆ?

ಆಲ್ದೂರಿನ ಹತ್ತಿರ ನನ್ನ ಸೋದರಮಾವನಿಗೆ ನಾಲ್ಕು ಎಕರೆ ಕಾಫಿ ತೋಟ ಇದೆ. ಹೋದ ಜನವರಿ. ರೋಬಸ್ಟಾ ಕುಯ್ಲು ಶುರುವಾಗಿತ್ತು. ಇಡೀ ದಿನ ಇಳಿಜಾರಲ್ಲಿ ಹತ್ತಿ ಇಳಿದು ಮಾವನಿಗೆ ಮಂಡಿ ನೋವು ಹಿಡಿದಿತ್ತು. ಪಕ್ಕದ ತೋಟದವರು ತಮ್ಮ ಮನೆಯಲ್ಲಿದ್ದ ಒಂದು ಶೀಟ್ ನೋವಿನ ಮಾತ್ರೆಯನ್ನು ಡಬ್ಬಿ ಸಮೇತ ಕೊಟ್ಟಿದ್ದರು. ನಾನು ಚಿಕ್ಕಮಗಳೂರಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಫೋನ್ ಬಂತು.

"ಲೋ, ಡಬ್ಬಿ ಒಳಗೆ ಒಂದು ಕಾಗದ ಐತೆ. ಕಾಂಟ್ರಾ ಅಂತ ಶುರುವಾಗೋ ಉದ್ದದ್ದೊಂದು ಪದ. ಮೊಮ್ಮಗಳು ಯಾವ್ದೋ ವೆಬ್‌ಸೈಟಲ್ಲಿ ನೋಡಿದ್ರೆ ಕನ್ನಡದಲ್ಲಿ ವಿರೋಧಾಭಾಸ ಅಂತ ಹಾಕಿದಾರೆ. ಅದು ಅಲಂಕಾರದ ಹೆಸರಲ್ವೇನೋ?"

ಹೌದು, ವಿರೋಧಾಭಾಸ ಅಲಂಕಾರವೇ. ಕನ್ನಡದ ಎಷ್ಟೋ ಆರೋಗ್ಯ ಪುಟಗಳಲ್ಲಿ ಈ ತಪ್ಪು ಕಂಡಿದ್ದೇನೆ. ಓದಿದವರು ಏನೂ ಅರ್ಥವಾಗದೆ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಆ ಕಾಗದದಲ್ಲಿ ರೋಗಿ ಓದಲೇಬೇಕಾದ ಜಾಗ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಹಾಗಾಗಿ ಮಾವನ ಆ ಒಂದು ಶೀಟ್ ಮಾತ್ರೆಯನ್ನೇ ಇಟ್ಟುಕೊಂಡು, ಓದುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪದದ ಅರ್ಥ

ಒಂದು ಔಷಧಿಯನ್ನು ಯಾವ ಕಾಯಿಲೆಗೆ ಕೊಡಬೇಕು ಅನ್ನುವುದಕ್ಕೆ ಇಂಡಿಕೇಷನ್ ಅನ್ನುತ್ತಾರೆ. ಕಾಂಟ್ರಾ ಅಂದರೆ ವಿರುದ್ಧ. ಎರಡೂ ಸೇರಿದರೆ, 'ಇಂಥವರಿಗೆ ಈ ಔಷಧಿ ಕೊಡಬಾರದು' ಅಂತ. ಕೆಲವರು ವಿರುದ್ಧ ಸೂಚನೆ ಅಂತ ಬರೆಯುತ್ತಾರೆ. ನಾನು ಅಂಗಡಿಯಲ್ಲಿ 'ಯಾರಿಗೆ ಕೂಡದು' ಅಂತಲೇ ಹೇಳುತ್ತೇನೆ. ಬೇಗ ತಲೆಗೆ ಹತ್ತುತ್ತದೆ.

ನಮ್ಮ ಕಡೆ 'ಆ ಮಾತ್ರೆ ನನ್ನ ಮೈಗೆ ಆಗಿಬರಲ್ಲ' ಅನ್ನುವ ಮಾತಿದೆ. ಅದು ನುಂಗಿ, ಒದ್ದಾಡಿ, ಆಮೇಲೆ ಹೇಳುವ ಮಾತು. ಕಾಂಟ್ರಾಇಂಡಿಕೇಷನ್ ಮೊದಲ ಮಾತ್ರೆ ನುಂಗುವ ಮುಂಚೆ ಹೇಳುವ ಮಾತು. ಸೈಡ್ ಎಫೆಕ್ಟ್ ಪಟ್ಟಿ ಬೇರೆ. ಅದರಲ್ಲಿ ಎದೆ ಉರಿ, ವಾಂತಿ, ತಲೆಸುತ್ತು ಅಂತೆಲ್ಲ ಇರುತ್ತದೆ. ಅದು ಯಾರಿಗೋ ಆದೀತು, ಯಾರಿಗೋ ಆಗದೆ ಹೋದೀತು. ಜನ ಆ ಪಟ್ಟಿಯನ್ನೇ ಓದಿ ಹೆದರುತ್ತಾರೆ. ತಮ್ಮ ಬಗ್ಗೆಯೇ ಬರೆದಿರುವ ಸಾಲನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಮೊದಲ ಹೆಜ್ಜೆ: ಕಾಗದ ಸಿಗಬೇಕು

ಇದೇ ದೊಡ್ಡ ಕಷ್ಟ. ನಮ್ಮಲ್ಲಿ ಹತ್ತು ಶೀಟಿನ ಡಬ್ಬಿಗೆ ಒಂದೋ ಎರಡೋ ಕಾಗದ ಇರುತ್ತದೆ. ಎಷ್ಟೋ ಡಬ್ಬಿಯಲ್ಲಿ ಅದೂ ಇರುವುದಿಲ್ಲ. ನಾವು ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕವರಿಗೆ ಹಾಕಿ ಕೊಟ್ಟರೆ ಕಾಗದ ಡಬ್ಬಿಯಲ್ಲೇ ಉಳಿಯುತ್ತದೆ. ಕತ್ತರಿಸುವಾಗ ಕೆಲವು ಸಲ ಮಾತ್ರೆಯ ಹೆಸರೂ ಹೋಗಿಬಿಡುತ್ತದೆ. ಆದ್ದರಿಂದ ಹೆಸರು ಮತ್ತು ಎಕ್ಸ್‌ಪೈರಿ ಇರುವ ಭಾಗ ಕೇಳಿ ತೆಗೆದುಕೊಳ್ಳಿ. 'ಕಾಗದ ಇದ್ದರೆ ಕೊಡಿ, ಇಲ್ಲಾಂದ್ರೆ ಫೋಟೋ ತಗೋತೀನಿ' ಅಂತ ಕೇಳಿ. ನಾವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಗದ ಸಿಕ್ಕರೂ ಇಂಗ್ಲಿಷ್‌ನಲ್ಲಿರುತ್ತದೆ, ಅಕ್ಷರ ಸಾಸಿವೆಗಿಂತ ಸಣ್ಣ. ಫೋನಿನಲ್ಲಿ ಫೋಟೋ ತೆಗೆದು ಬೆರಳಲ್ಲಿ ಹಿಗ್ಗಿಸಿ ಓದುವುದೇ ಸುಲಭ. ಮೇಲೆ 'ನೋಂದಾಯಿತ ವೈದ್ಯರ ಬಳಕೆಗೆ ಮಾತ್ರ' ಅನ್ನುವ ಅರ್ಥದ ಸಾಲು ಇದ್ದೀತು. ಬರೆದಿರುವುದು ವೈದ್ಯರಿಗೆ ಅಂತ ಅದರ ಅರ್ಥ. ನೀವು ಓದಿದರೆ ತಪ್ಪೇನಿಲ್ಲ.

ಎರಡನೇ ಹೆಜ್ಜೆ: ಕಾಗದಕ್ಕೆ ಮುಂಚೆ ನಿಮ್ಮ ಪಟ್ಟಿ

ಕಾಗದ ಬಿಡಿಸುವ ಮುಂಚೆ ಒಂದು ಚೀಟಿಯಲ್ಲಿ ನಿಮ್ಮ ವಿಷಯ ಬರೆದುಕೊಳ್ಳಿ. ಕಾಗದ ಓದುತ್ತಾ 'ನನಗೆ ಇದಿದ್ಯಾ?' ಅಂತ ಯೋಚಿಸಿದರೆ ಮನಸ್ಸು 'ಇಲ್ಲ ಬಿಡು' ಅಂತಲೇ ಹೇಳುತ್ತದೆ. ನೋವು ಇದ್ದಾಗಂತೂ ಹಾಗೇ. ಮೊದಲೇ ಬರೆದಿಟ್ಟಿದ್ದರೆ ಸುಳ್ಳು ಹೇಳಿಕೊಳ್ಳಲು ಆಗುವುದಿಲ್ಲ.

ಈಗ ನುಂಗುತ್ತಿರುವ ಎಲ್ಲಾ ಮಾತ್ರೆ ಬರೆಯಿರಿ, ಆಯುರ್ವೇದದ್ದೂ ಸೇರಿಸಿ. ಹಿಂದೆ ಆಸ್ಪತ್ರೆಗೆ ಸೇರಿದ್ದು, ಆಪರೇಷನ್ ಆದದ್ದು ಬರೆಯಿರಿ. ಯಾವುದಾದರೂ ಔಷಧಿಯಿಂದ ಮೈ ಗಂದೆ ಎದ್ದಿತ್ತಾ, ಮುಖ ಊದಿತ್ತಾ, ಉಬ್ಬಸ ಬಂದಿತ್ತಾ ಅಂತ ಬರೆಯಿರಿ. ಹೆಂಗಸರಾದರೆ ಬಸುರಿಯಾ, ಮಗುವಿಗೆ ಹಾಲು ಕೊಡುತ್ತಿದ್ದೀರಾ ಅಂತ. ಇತ್ತೀಚೆಗೆ ರಕ್ತ ಪರೀಕ್ಷೆ ಮಾಡಿಸಿದ್ದರೆ ಅದರಲ್ಲಿ ಕ್ರಿಯೇಟಿನಿನ್ ಎಷ್ಟು ಅಂತ. ಕಿಡ್ನಿಯ ಲೆಕ್ಕ ಗೊತ್ತಾಗುವುದು ಅದರಿಂದ.

ಮಾವ ಫೋನಲ್ಲೇ ಹೇಳುತ್ತಾ ಹೋದರು, ನಾನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೆ. ವಯಸ್ಸು 67. ಮೂರು ವರ್ಷದ ಹಿಂದೆ ಹೃದಯಕ್ಕೆ 'ಸ್ಟಂಟ್' ಹಾಕಿದ್ದಾರೆ. (ನಮ್ಮ ಕಡೆ ಸ್ಟೆಂಟ್ ಅನ್ನುವವರು ಕಮ್ಮಿ.) ಅವತ್ತಿನಿಂದ ರಕ್ತ ತೆಳು ಮಾಡುವ ಆಸ್ಪಿರಿನ್ 75, ಬಿಪಿಗೆ ರಾಮಿಪ್ರಿಲ್, ಕೊಲೆಸ್ಟ್ರಾಲಿಗೆ ರಾತ್ರಿ ಒಂದು. ಹೃದಯದ ಪಂಪಿಂಗ್ ಸ್ವಲ್ಪ ಕಮ್ಮಿ ಅಂತ ಹೇಳಿ, ಕಾಲು ಊದದ ಹಾಗೆ ನೀರಿನ ಮಾತ್ರೆ ಟಾರ್ಸೆಮೈಡ್. ಕ್ರಿಯೇಟಿನಿನ್ 1.4, ಅದರ ಪಕ್ಕದಲ್ಲಿ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತೋರಿಸುವ ಇಜಿಎಫ್‌ಆರ್ 55.

"ಅಷ್ಟೇನಾ ಮಾವ? ಹೊಟ್ಟೆ ಹುಣ್ಣು ಗಿಣ್ಣು?"

"ಇಲ್ಲಪ್ಪ."

ಹಿಂದಿನಿಂದ ಅತ್ತೆಯ ಧ್ವನಿ. "ಇಲ್ಲ ಅಂತೀರಲ್ಲ. ಕಾಲು ಮುರಿದಾಗ ನೋವಿನ ಮಾತ್ರೆ ತಿಂದೂ ತಿಂದೂ ಮಲ ಕಪ್ಪಗೆ ಹೋಗಿ ಎರಡು ಬಾಟಲಿ ರಕ್ತ ಕೊಡಿಸಲಿಲ್ವಾ?"

ಅದಾಗಿ ಹನ್ನೆರಡು ವರ್ಷ. ಮಾವ ನಿಜಕ್ಕೂ ಮರೆತಿದ್ದರು. ಅದಕ್ಕೇ ಪಟ್ಟಿ ಬರೆಯುವಾಗ ಮನೆಯವರು ಒಬ್ಬರು ಪಕ್ಕದಲ್ಲಿರಲಿ.

ಮೂರನೇ ಹೆಜ್ಜೆ: ಮಾತ್ರೆಯೊಳಗೆ ಏನಿದೆ

ಶೀಟಿನ ಮೇಲೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿ ಔಷಧಿಯ ನಿಜ ಹೆಸರು ಇರುತ್ತದೆ. ಮಾವನ ಮಾತ್ರೆಯಲ್ಲಿ ಎರಡಿದ್ದವು, ಡೈಕ್ಲೊಫೆನಾಕ್ 50 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಇಂಥ ಜೋಡಿ ಮಾತ್ರೆಗಳು ನಮ್ಮಲ್ಲಿ ಬಹಳ. ಎರಡರಲ್ಲಿ ಯಾವುದೇ ಒಂದು ನಿಮಗೆ ಕೂಡದಿದ್ದರೂ ಇಡೀ ಮಾತ್ರೆ ಕೂಡದು. 'ಪ್ಯಾರಾಸಿಟಮಾಲ್ ಇದ್ಯಲ್ಲ, ಏನಾಗುತ್ತೆ' ಅನ್ನುವವರು ಪಕ್ಕದ ಹೆಸರನ್ನು ಓದಿರುವುದಿಲ್ಲ.

ಶೀಟಿನ ಎಡಬದಿಯಲ್ಲಿ ಮೇಲಿಂದ ಕೆಳಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ. ಡೈಕ್ಲೊಫೆನಾಕ್ ಆ ಗುಂಪಿನದು. ಚೀಟಿ ಇಲ್ಲದೆಯೂ ಅಲ್ಲಿ ಇಲ್ಲಿ ಸಿಗುತ್ತದೆ, ಪಕ್ಕದ ಮನೆಯಿಂದ ಅಂತೂ ಸಿಕ್ಕೇ ಸಿಗುತ್ತದೆ. ಹಾಗೆ ಬಂದ ಮಾತ್ರೆಗೇ ಈ ಲೇಖನ ಜಾಸ್ತಿ ಉಪಯೋಗ. ಡಾಕ್ಟರು ನಿಮ್ಮನ್ನು ನೋಡಿ ಬರೆದಿದ್ದರೆ ಈ ಲೆಕ್ಕವನ್ನು ಒಮ್ಮೆ ಅವರು ಹಾಕಿರುತ್ತಾರೆ.

ನಾಲ್ಕನೇ ಹೆಜ್ಜೆ: ಸಾಲು ಸಾಲಾಗಿ ಓದುವುದು

ಕಾಗದದಲ್ಲಿ ಸಾಮಾನ್ಯವಾಗಿ ಮೊದಲು ಯಾವುದಕ್ಕೆ ಕೊಡಬೇಕು, ಎಷ್ಟು ಕೊಡಬೇಕು ಅಂತ ಇರುತ್ತದೆ. ಅದಾದ ಮೇಲೆ ದಪ್ಪಕ್ಷರದಲ್ಲಿ ಕಾಂಟ್ರಾಇಂಡಿಕೇಷನ್ಸ್. ಅದರ ಕೆಳಗೆ ವಾರ್ನಿಂಗ್ಸ್ ಮತ್ತು ಪ್ರಿಕಾಷನ್ಸ್. ಸೈಡ್ ಎಫೆಕ್ಟ್ ಇನ್ನೂ ಕೆಳಗೆ.

ಡೈಕ್ಲೊಫೆನಾಕ್‌ನ ವಿವರವಾದ ಕಾಗದದಲ್ಲಿ ಈ ಸಾಲುಗಳಿರುತ್ತವೆ. ಈ ಔಷಧಿಗೆ ಅಲರ್ಜಿ ಇರುವವರು. ಆಸ್ಪಿರಿನ್ ಅಥವಾ ಬೇರೆ ನೋವಿನ ಮಾತ್ರೆ ನುಂಗಿ ಉಬ್ಬಸ, ಗಂದೆ ಬಂದವರು. ಹೊಟ್ಟೆ ಹುಣ್ಣು ಇರುವವರು, ನೋವಿನ ಮಾತ್ರೆಯಿಂದ ಹಿಂದೆ ಹೊಟ್ಟೆಯಲ್ಲಿ ರಕ್ತ ಸೋರಿದವರು. ಬಸುರಿನ ಕೊನೆಯ ಮೂರು ತಿಂಗಳಲ್ಲಿರುವವರು. ಲಿವರ್ ಅಥವಾ ಕಿಡ್ನಿ ತೀವ್ರವಾಗಿ ಕೆಟ್ಟವರು. ಹೃದಯ ಸೋತವರು, ಹೃದಯದ ರಕ್ತನಾಳ ಕಟ್ಟಿದವರು, ಸ್ಟ್ರೋಕ್ ಆದವರು.

ಇಲ್ಲಿ ಕಾಯಿಲೆಯ ಹೆಸರಿಗಿಂತ ಅದರ ಹಿಂದೆ ಮುಂದೆ ಇರುವ ಸಣ್ಣ ಪದ ನೋಡಬೇಕು. 'ಹಿಸ್ಟರಿ ಆಫ್' ಅಂತ ಇದ್ದರೆ ಹಿಂದೆ ಯಾವಾಗಲೋ ಆಗಿ ಈಗ ವಾಸಿಯಾಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಜನ ಎಡವುವುದು ಇಲ್ಲೇ. 'ಆ್ಯಕ್ಟಿವ್' ಅಂದರೆ ಈಗ ಇರುವುದು. 'ಸಿವಿಯರ್' ಅಂದರೆ ತೀವ್ರ. ಕಿಡ್ನಿಯ ವಿಷಯದಲ್ಲಿ ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಹೋದರೆ ತೀವ್ರ ಅನ್ನುತ್ತಾರೆ. 'ಹೈಪರ್‌ಸೆನ್ಸಿಟಿವಿಟಿ' ಅಂದರೆ ಅಲರ್ಜಿ. ಅದೇ ಸಾಲಿನಲ್ಲಿ 'ಅದರ ಜಾತಿಯ ಬೇರೆ ಔಷಧಿಗೆ' ಅಂತಲೂ ಇರುತ್ತದೆ. ಅಂದರೆ ಐಬುಪ್ರೊಫೆನ್‌ಗೆ ಉಬ್ಬಸ ಬಂದವರಿಗೆ ಡೈಕ್ಲೊಫೆನಾಕ್ ಕೂಡ ಬೇಡ. ಮಾತ್ರೆ ಬದಲಾಯಿತು ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

ಹೊಟ್ಟೆ, ಕಿಡ್ನಿ, ಹೃದಯ, ಮಗು: ಎಲ್ಲಾ ಒಂದೇ ಪಟ್ಟಿಯಲ್ಲಿ ಯಾಕೆ?

ಮಾವ ಇದನ್ನೇ ಕೇಳಿದರು. "ಮಂಡಿ ನೋವಿನ ಮಾತ್ರೆಗೂ ಹೊಟ್ಟೆಯೊಳಗಿನ ಮಗೂಗೂ ಏನೋ ಸಂಬಂಧ?"

ಒಳ್ಳೆ ಪ್ರಶ್ನೆ. ಕಾರಣ ಗೊತ್ತಾದರೆ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ನಮ್ಮ ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುಗಳು ತಯಾರಾಗುತ್ತವೆ. ಗಾಯವಾದ ಕಡೆ, ಸವೆದ ಮಂಡಿಯಲ್ಲಿ, ನೋವು ಮತ್ತು ಊತ ಹೆಚ್ಚಿಸುವುದು ಇವೇ. ಡೈಕ್ಲೊಫೆನಾಕ್ ಇವುಗಳ ತಯಾರಿಯನ್ನೇ ತಡೆಯುತ್ತದೆ. ನೋವು ಇಳಿಯುತ್ತದೆ. ಆದರೆ ನುಂಗಿದ ಮಾತ್ರೆಗೆ ಮಂಡಿ ಎಲ್ಲಿದೆ ಅಂತ ಗೊತ್ತಿಲ್ಲ. ರಕ್ತದ ಜೊತೆ ಎಲ್ಲಾ ಕಡೆ ಹೋಗಿ ಎಲ್ಲಾ ಕಡೆಯೂ ತಯಾರಿ ನಿಲ್ಲಿಸುತ್ತದೆ. ಬೇರೆ ಜಾಗಗಳಲ್ಲಿ ಇದೇ ವಸ್ತು ಒಳ್ಳೆ ಕೆಲಸ ಮಾಡುತ್ತಿರುತ್ತದೆ.

ಹೊಟ್ಟೆಯ ಒಳಗೋಡೆಗೆ ಆಮ್ಲ ತಾಗದ ಹಾಗೆ ಲೋಳೆಯ ಪದರ ಇರುತ್ತದೆ. ಅದನ್ನು ಕಾಪಾಡುವುದು ಪ್ರೊಸ್ಟಗ್ಲಾಂಡಿನ್. ಅದು ಕಮ್ಮಿಯಾದರೆ ಪದರ ತೆಳುವಾಗಿ ಹುಣ್ಣಾಗುತ್ತದೆ, ಹಳೆ ಹುಣ್ಣು ಮತ್ತೆ ಬಾಯಿ ಬಿಡುತ್ತದೆ. ಊಟ ಆದ ಮೇಲೆ ನುಂಗಿದರೆ ತೊಂದರೆ ಇಲ್ಲ ಅನ್ನುವ ನಂಬಿಕೆ ಅರ್ಧ ಸತ್ಯ. ಹೊಟ್ಟೆಯ ಉರಿ ಸ್ವಲ್ಪ ಕಮ್ಮಿಯಾದೀತು. ಪದರ ತೆಳುವಾಗುವುದು ರಕ್ತದ ಮೂಲಕವೂ ನಡೆಯುವುದರಿಂದ ಊಟ ಅದನ್ನು ತಡೆಯುವುದಿಲ್ಲ. ಇಂಜೆಕ್ಷನ್ ತೆಗೆದುಕೊಂಡರೂ ಅದೇ ಕತೆ.

ಕಿಡ್ನಿಗೆ ರಕ್ತ ಹೋಗುವ ಸಣ್ಣ ನಾಳವನ್ನು ತೆರೆದಿಡುವುದೂ ಇದೇ ವಸ್ತು. ಗಟ್ಟಿಮುಟ್ಟಾದವರಿಗೆ ಎರಡು ದಿನದ ಮಾತ್ರೆಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೃದಯ ಸೋತವರು, ನೀರಿನ ಮಾತ್ರೆ ನುಂಗುವವರು, ವಾಂತಿ ಭೇದಿಯಾಗಿ ಒಣಗಿದವರು ಹಾಗಲ್ಲ. ಅವರ ಕಿಡ್ನಿ ಈ ಆಸರೆಯ ಮೇಲೆಯೇ ನಿಂತಿರುತ್ತದೆ. ಆಸರೆ ತೆಗೆದರೆ ಮೂತ್ರ ಕಮ್ಮಿಯಾಗುತ್ತದೆ, ಉಪ್ಪು ನೀರು ಮೈಯಲ್ಲೇ ನಿಲ್ಲುತ್ತದೆ, ಕಾಲು ಊದುತ್ತದೆ. ಆ ಹೊರೆ ಹೃದಯದ ಮೇಲೆ ಬೀಳುತ್ತದೆ. (ರಣಹದ್ದುಗಳು ಹೇಳಹೆಸರಿಲ್ಲದಂತೆ ಆದದ್ದು ಇದೇ ಔಷಧಿಯಿಂದ. ಡೈಕ್ಲೊಫೆನಾಕ್ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ಹದ್ದುಗಳ ಕಿಡ್ನಿ ಕೆಟ್ಟಿತು. 2006ರಲ್ಲಿ ದನಕರುಗಳಿಗೆ ಕೊಡುವ ಡೈಕ್ಲೊಫೆನಾಕನ್ನು ನಮ್ಮ ದೇಶದಲ್ಲಿ ನಿಷೇಧಿಸಿದರು.)

ಹೃದಯದ ರಕ್ತನಾಳದ ಒಳಗೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಒಂದು ಬಗೆಯ ಪ್ರೊಸ್ಟಗ್ಲಾಂಡಿನ್ ಇದೆ. ಡೈಕ್ಲೊಫೆನಾಕ್ ಅದನ್ನೂ ಕಮ್ಮಿ ಮಾಡುತ್ತದೆ. ನಾಳ ಮೊದಲೇ ಕಿರಿದಾಗಿರುವವರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನ ಅಪಾಯ ಹೆಚ್ಚುತ್ತದೆ. ಇನ್ನು ಗರ್ಭದಲ್ಲಿರುವ ಮಗು. ಅದರ ಹೃದಯದ ಪಕ್ಕ ಒಂದು ಪುಟ್ಟ ಕೊಳವೆ ಇರುತ್ತದೆ. ಮಗು ಇನ್ನೂ ಶ್ವಾಸಕೋಶದಿಂದ ಉಸಿರಾಡದ ಕಾರಣ ರಕ್ತ ಆ ದಾರಿಯಲ್ಲಿ ಹೋಗುತ್ತದೆ. ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ತೆರೆದಿಡುವುದು ಪ್ರೊಸ್ಟಗ್ಲಾಂಡಿನ್. ತಾಯಿ ನೋವಿನ ಮಾತ್ರೆ ನುಂಗಿದರೆ ಹುಟ್ಟುವ ಮುಂಚೆಯೇ ಮುಚ್ಚಿಕೊಳ್ಳುವ ಅಪಾಯ ಇದೆ.

"ಅಂದ್ರೆ ಒಂದೇ ನಲ್ಲಿ ತಿರುಗಿಸಿದ್ರೆ ಎಲ್ಲಾ ಪೈಪೂ ಬಂದ್" ಅಂದರು ಮಾವ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರು, ಬೇಗ ಹಿಡಿದರು.

ಐದನೇ ಹೆಜ್ಜೆ: ಎರಡೂ ಪಟ್ಟಿ ಪಕ್ಕ ಪಕ್ಕ

ಈಗ ಮಾವನ ಚೀಟಿ ಒಂದು ಕಡೆ, ಕಾಗದ ಒಂದು ಕಡೆ.

ಅಲರ್ಜಿ, ಉಬ್ಬಸ ಇಲ್ಲ. ಆ ಸಾಲು ಬಿಟ್ಟೆವು. ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ರಕ್ತಸ್ರಾವ, ಇದೆ. ಹನ್ನೆರಡು ವರ್ಷ ಆಗಿದ್ದರೂ ಇದೆ, 'ಹಿಸ್ಟರಿ ಆಫ್' ಅಂತ ಬರೆದಿದ್ದಾರಲ್ಲ. ತೀವ್ರ ಕಿಡ್ನಿ ತೊಂದರೆ ಇಲ್ಲ. ಇಜಿಎಫ್‌ಆರ್ 55 ಇದೆ, ಹಾಗಾಗಿ ಈ ಸಾಲಿಗೆ ಅವರು ಬರುವುದಿಲ್ಲ. ಹೃದಯದ ರಕ್ತನಾಳದ ಕಾಯಿಲೆ ಇದೆ. ಕಾಗದದಲ್ಲಿ 'ಇಸ್ಕೀಮಿಕ್ ಹಾರ್ಟ್ ಡಿಸೀಸ್' ಅಂತ ಇತ್ತು. ಮಾವ "ನಂಗೆ ಅದಿಲ್ಲ, ಬರೀ ಸ್ಟಂಟ್" ಅಂದರು. ಸ್ಟೆಂಟ್ ಹಾಕಿದ್ದೇ ಆ ಕಾಯಿಲೆಗೆ. ಹೃದಯ ಸೋಲುವುದು, 'ಹಾರ್ಟ್ ಫೇಲ್ಯೂರ್', ಅದೂ ಇದೆ. ಪಂಪಿಂಗ್ ಕಮ್ಮಿ ಅಂತ ಡಾಕ್ಟರು ಮೆತ್ತಗೆ ಹೇಳಿದ್ದು ಅದನ್ನೇ.

ಮೂರು ಸಾಲು ತಾಗಿದವು. ಒಂದು ತಾಗಿದ್ದರೂ ಮಾತ್ರೆ ಬೇಡ ಅಂತಲೇ ಲೆಕ್ಕ. ಅಂಕ ಕೂಡಿಸುವ ಪರೀಕ್ಷೆ ಇದಲ್ಲ.

ಕಾಯಿಲೆಯ ಹೆಸರು ಕಾಗದದಲ್ಲಿ ಒಂದು ಥರ, ಡಾಕ್ಟರ ಬಾಯಲ್ಲಿ ಒಂದು ಥರ, ನಮ್ಮ ಬಾಯಲ್ಲಿ ಇನ್ನೊಂದು ಥರ ಇರುತ್ತದೆ. ಈ ಮೂರನ್ನೂ ಹೊಂದಿಸಿಕೊಡುವುದು ಮೆಡಿಕಲ್ ಅಂಗಡಿಯವರು ಮಾಡಬಹುದಾದ ಕೆಲಸ. ನಿಮ್ಮ ಡಿಸ್ಚಾರ್ಜ್ ಕಾಗದ ತಂದು ತೋರಿಸಿ ಕೇಳಿ. ಅಂಗಡಿಯಲ್ಲಿ ಜನ ಕಮ್ಮಿ ಇರುವ ಮಧ್ಯಾಹ್ನದ ಹೊತ್ತು ಬಂದರೆ ನಿಧಾನವಾಗಿ ಹೇಳುತ್ತಾರೆ.

ವಾರ್ನಿಂಗ್ ಕೂಡ ಓದಿ

ಒಂದೇ ಔಷಧಿಯ ಕಾಂಟ್ರಾಇಂಡಿಕೇಷನ್ ಪಟ್ಟಿ ಎಲ್ಲಾ ಕಡೆ ಒಂದೇ ಥರ ಇರುವುದಿಲ್ಲ. ಡೈಕ್ಲೊಫೆನಾಕ್ ಮಾರುಕಟ್ಟೆಗೆ ಬಂದದ್ದು 1970ರ ದಶಕದಲ್ಲಿ. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಕೊಡಲೇಬಾರದು ಅಂತ ಯುರೋಪಿನಲ್ಲಿ ತೀರ್ಮಾನವಾದದ್ದು 2013ರಲ್ಲಿ. ಅಮೆರಿಕದ ಕಾಗದ ನೋಡಿದರೆ ಈ ಶೀರ್ಷಿಕೆಯ ಕೆಳಗೆ ಬಹಳ ಕಮ್ಮಿ ಸಾಲು. ಅಲರ್ಜಿ, ಆಸ್ಪಿರಿನ್‌ನಿಂದ ಬರುವ ಉಬ್ಬಸ, ಹೃದಯದ ಬೈಪಾಸ್ ಆಪರೇಷನ್ ಆಗುವ ಹೊತ್ತು, ಅಷ್ಟೇ. ಹುಣ್ಣು, ಹೃದಯ ಸೋಲುವುದು ಎಲ್ಲಾ ಕೆಳಗಡೆ ವಾರ್ನಿಂಗ್ಸ್‌ನಲ್ಲಿ ಇರುತ್ತವೆ. ನಮ್ಮ ಕಂಪನಿಗಳ ಕಾಗದಗಳಲ್ಲೂ ಒಂದೊಂದರಲ್ಲಿ ಒಂದೊಂದು ಥರ.

ಅದಕ್ಕೆ ಎರಡು ಮಾತು. ನಿಮ್ಮ ಕಾಯಿಲೆ ಕಾಂಟ್ರಾಇಂಡಿಕೇಷನ್ ಪಟ್ಟಿಯಲ್ಲಿ ಇದ್ದರೆ ಮಾತ್ರೆ ಬೇಡ. ಇಲ್ಲದಿದ್ದರೆ 'ನುಂಗಬಹುದು' ಅಂತ ಪರವಾನಗಿ ಸಿಕ್ಕ ಹಾಗಲ್ಲ. ವಾರ್ನಿಂಗ್ ಮತ್ತು ಇಂಟರ್‌ಆ್ಯಕ್ಷನ್ ಓದಿಯೇ ಮುಂದಕ್ಕೆ ಹೋಗಿ. ಇಂಟರ್‌ಆ್ಯಕ್ಷನ್ ಅಂದರೆ ಯಾವ ಮಾತ್ರೆಗೂ ಯಾವ ಮಾತ್ರೆಗೂ ಕೂಡಿಬರುವುದಿಲ್ಲ ಅನ್ನುವ ಪಟ್ಟಿ. ಮಾವನ ಕಿಡ್ನಿ ಮೊದಲ ಪಟ್ಟಿಯಲ್ಲಿ ಪಾರಾಗಿತ್ತು. ಇಲ್ಲಿ ಸಿಕ್ಕಿಬಿತ್ತು. ರಾಮಿಪ್ರಿಲ್ ಜಾತಿಯ ಬಿಪಿ ಮಾತ್ರೆ, ನೀರಿನ ಮಾತ್ರೆ, ಇವೆರಡರ ಮೇಲೆ ನೋವಿನ ಮಾತ್ರೆ ಸೇರಿದರೆ ಕಿಡ್ನಿ ದಿಢೀರ್ ಕೈಕೊಡಬಹುದು. ಡಾಕ್ಟರುಗಳಿಗೆ ಈ ಮೂರರ ಕೂಟ ಚೆನ್ನಾಗಿ ಗೊತ್ತು. ಪಕ್ಕದ ತೋಟದವರಿಗೆ ಗೊತ್ತಿರುವುದಿಲ್ಲ.

ಕಾಗದದಲ್ಲಿ ಹುಡುಕಿದರೂ ಸಿಗದಿರಬಹುದಾದ ಒಂದು ಸಂದರ್ಭ ಮಲೆನಾಡಿನವರಿಗೆ ಗೊತ್ತಿರಲಿ. ಡೆಂಗಿ ಅಥವಾ ಮಂಗನ ಕಾಯಿಲೆಯ ಅನುಮಾನ ಇರುವ ಜ್ವರದಲ್ಲಿ ಈ ಜಾತಿಯ ನೋವಿನ ಮಾತ್ರೆ, ಇಂಜೆಕ್ಷನ್ ಎರಡೂ ಬೇಡ. ಆ ಜ್ವರಗಳಲ್ಲಿ ರಕ್ತಸ್ರಾವದ ಅಪಾಯ ಇರುತ್ತದೆ. ಮೈಕೈ ನೋವು ಜಾಸ್ತಿ ಇರುವುದರಿಂದ 'ಒಂದು ಗಟ್ಟಿ ಇಂಜೆಕ್ಷನ್ ಹಾಕಿ' ಅಂತ ಕೇಳುವವರು ಬಹಳ. ಜ್ವರ ಯಾವುದು ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಸಾಕು.

ಸಾಲು ತಾಗಿತು, ಈಗೇನು?

ಇನ್ನೂ ನುಂಗದಿದ್ದರೆ ಸುಲಭ. ಶೀಟ್ ಪಕ್ಕಕ್ಕಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಮಾವ ಮಾತ್ರ ಕೊನೆಗೆ ಬಾಯಿ ಬಿಟ್ಟರು. "ನಿನ್ನೆ ರಾತ್ರಿ ಒಂದು ನುಂಗಿದೀನಿ ಕಣೋ."

ಒಂದು ನುಂಗಿದ್ದಕ್ಕೆ ಗಾಬರಿ ಬೇಡ, ಇನ್ನೊಂದು ಬೇಡ ಅಂದೆ. ಎರಡು ಮೂರು ದಿನ ಏನು ನೋಡಬೇಕು ಅಂತ ಅತ್ತೆಗೆ ಹೇಳಿದೆ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದೆಯಾ? (ಕಬ್ಬಿಣದ ಮಾತ್ರೆ ನುಂಗಿದರೂ ಕಪ್ಪಗಾಗುತ್ತದೆ. ಆದರೆ ರಕ್ತ ಬೆರೆತ ಮಲದ ವಾಸನೆ ಬೇರೆ, ಒಮ್ಮೆ ಕಂಡವರು ಮರೆಯುವುದಿಲ್ಲ. ಅತ್ತೆ ಮರೆತಿರಲಿಲ್ಲ.) ಕಾಲಿನ ಊತ ಹೆಚ್ಚಿತಾ? ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿತಾ? ಏರಿದ್ದರೆ ಅದು ನೀರು. ಮೂತ್ರ ಕಮ್ಮಿಯಾಯಿತಾ? ಇವು ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಎದೆ ನೋವು, ಮಲಗಲಾಗದಷ್ಟು ಉಸಿರಾಟದ ತೊಂದರೆ, ರಕ್ತ ವಾಂತಿ, ಮುಖ ಅಥವಾ ನಾಲಿಗೆ ಊದಿಕೊಳ್ಳುವುದು, ಇಷ್ಟರಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಕಾಯಬೇಡಿ.

ಆಮೇಲೆ ಮಾವ ಇನ್ನೊಂದು ಪ್ರಶ್ನೆ ಹಾಕಿದರು. "ಆಸ್ಪಿರಿನ್ ಕಾಗದದಲ್ಲೂ ಹೊಟ್ಟೆ ರಕ್ತಸ್ರಾವ ಅಂತ ಬರ್ದಿರ್ತಾರೆ ಅಂತೀಯ. ಹಂಗಾದ್ರೆ ಅದನ್ನೂ ನಿಲ್ಲಿಸ್ಲಾ?"

ಬೇಡ. ಕಾಗದ ಓದಿದವರು ಮಾಡುವ ದೊಡ್ಡ ತಪ್ಪು ಇದು. ಸ್ಟೆಂಟ್ ಇರುವವರು ಆಸ್ಪಿರಿನ್ ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಮಾವನ ಹಳೆ ರಕ್ತಸ್ರಾವದ ವಿಷಯ ಹೃದಯದ ಡಾಕ್ಟರಿಗೆ ಗೊತ್ತಿತ್ತಾ ಅಂತ ಕೇಳಬೇಕು, ಅಷ್ಟೇ. ಗೊತ್ತಿದ್ದೂ ಕೊಟ್ಟಿದ್ದರೆ, ನಿಲ್ಲಿಸುವ ಅಪಾಯ ಕೊಡುವ ಅಪಾಯಕ್ಕಿಂತ ದೊಡ್ಡದು ಅಂತ ತೂಗಿ ನೋಡಿರುತ್ತಾರೆ. ಹೀಗೆ ತೂಗಿ ನೋಡಿ ಕೊಡಬಹುದಾದದ್ದಕ್ಕೆ ರಿಲೆಟಿವ್ ಅನ್ನುತ್ತಾರೆ. ಯಾವ ಕಾರಣಕ್ಕೂ ಕೊಡಬಾರದ್ದಕ್ಕೆ ಆಬ್ಸಲ್ಯೂಟ್. ತೂಗುವ ಕೆಲಸ ಡಾಕ್ಟರದು. ಫಿಟ್ಸ್ ಮಾತ್ರೆ, ಸ್ಟಿರಾಯ್ಡ್, ರಕ್ತ ತೆಳು ಮಾಡುವ ಮಾತ್ರೆ, ಕೆಲವು ಬಿಪಿ ಮಾತ್ರೆಗಳನ್ನು ದಿಢೀರ್ ನಿಲ್ಲಿಸುವುದೇ ಅಪಾಯ. ಡಾಕ್ಟರು ಬರೆದ ಮಾತ್ರೆಯ ಕಾಗದದಲ್ಲಿ ನಿಮ್ಮ ಕಾಯಿಲೆ ಕಂಡರೆ ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆ ಅವರಿಗೇ ಫೋನ್ ಮಾಡಿ ಕೇಳಿ.

ಕೇಳುವ ರೀತಿಯೂ ಇದೆ. 'ಈ ಮಾತ್ರೆ ಒಳ್ಳೇದಾ ಸರ್' ಅಂತ ಕೇಳಿದರೆ 'ಹ್ಞೂಂ' ಅಂತ ಬರುತ್ತದೆ. ಮಾವನಿಗೆ ನಾನು ಹೇಳಿಕೊಟ್ಟದ್ದು ಹೀಗೆ: "ಸರ್, ನಂಗೆ ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದಾರೆ, ಹನ್ನೆರಡು ವರ್ಷದ ಹಿಂದೆ ನೋವಿನ ಮಾತ್ರೆಯಿಂದ ಹೊಟ್ಟೇಲಿ ರಕ್ತ ಹೋಗಿತ್ತು, ಈಗ ಮಂಡಿ ನೋವು, ಡೈಕ್ಲೊಫೆನಾಕ್ ಒಂದು ನುಂಗಿದೀನಿ." ಅರ್ಧ ನಿಮಿಷದ ಮಾತು. ಡಾಕ್ಟರು ಡೈಕ್ಲೊಫೆನಾಕ್ ಬೇಡ ಅಂದರು. ಬರೀ ಪ್ಯಾರಾಸಿಟಮಾಲ್ 650, ದಿನಕ್ಕೆ ಮೂರು ದಾಟದಂತೆ. ಮಂಡಿಗೆ ನೋವಿನ ಜೆಲ್ ತೆಳುವಾಗಿ ಹಚ್ಚಲು ಒಪ್ಪಿದರು. ಜೆಲ್ಲಿನಲ್ಲೂ ಡೈಕ್ಲೊಫೆನಾಕೇ ಇರುವುದು. ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಬಹಳ ಕಮ್ಮಿ, ಅದಕ್ಕೆ ಒಪ್ಪಿದ್ದು. ಹೊಟ್ಟೆ ರಕ್ತಸ್ರಾವದ ವಿಷಯ ಅವರ ಫೈಲಿನಲ್ಲಿ ಇರಲಿಲ್ಲವಂತೆ. ಆಸ್ಪಿರಿನ್ ಜೊತೆಗೆ ಹೊಟ್ಟೆ ಕಾಯುವ ಮಾತ್ರೆ ಒಂದನ್ನು ಅವತ್ತೇ ಸೇರಿಸಿದರು.

ಭಾನುವಾರ ಅಂಗಡಿ ಮುಚ್ಚಿ ಆಲ್ದೂರಿಗೆ ಹೋದೆ. ಮಾವ ಜೆಲ್ ಹಚ್ಚಿಕೊಂಡು ಕಣದಲ್ಲಿ ಕೂತು ಹಣ್ಣು ಹರಡಿಸುತ್ತಿದ್ದರು. ಉಳಿದ ಒಂಬತ್ತು ಮಾತ್ರೆ ಎಲ್ಲಿ ಅಂತ ಕೇಳಿದೆ.

"ಬಿಸಾಕೋದ್ಯಾಕೆ ಅಂತ ಎತ್ತಿಟ್ಟಿದೀನಿ," ಅಂದರು ಅತ್ತೆ. "ಲೈನ್ ಮನೆಯ ಹುಡುಗಿಗೆ ಸೊಂಟ ನೋವಂತೆ, ಸಂಜೆ ಕೊಡೋಣ ಅಂತ."

"ಯಾವ ಹುಡುಗಿ ಅತ್ತೆ?"

"ಅದೇ, ಈಗ ಏಳು ತಿಂಗಳು ಅವಳಿಗೆ."

ಶೀಟ್ ಈಸಿಕೊಂಡು ಜೇಬಿಗೆ ಹಾಕಿಕೊಂಡೆ. ಮಾವ ಕಣದಿಂದಲೇ ಕೂಗಿದರು. "ಆ ಪುಟ್ಟ ಕೊಳವೆ ವಿಷಯ ನಿಮ್ಮತ್ತೆಗೂ ಒಂದ್ಸಲ ಹೇಳೋ."